ಹುಣಸೆಹಣ್ಣು ಹಚ್ಚಿ ಬೆಳಗಿದ ಬೋಗೋಣಿ

1987ರ ಡಿಸೆಂಬರಿನ ಒಂದು ಸಂಜೆ ನಾನು ಹನ್ನೆರಡು ತತ್ತಿ ಹಾಳು ಮಾಡಿದೆ. ನನಗಾಗ ಹದಿನೈದು ವರ್ಷ. ಬೆಟಗೇರಿಯ ನಮ್ಮ ಮನೆಯಲ್ಲಿ ಎರಡು ಕುಣಿಮಗ್ಗ ಇದ್ದವು. ಅಪ್ಪ, ಅವ್ವ ಇಬ್ಬರೂ ಹಗಲೆಲ್ಲ ಅವುಗಳ ಮುಂದೆಯೇ. ನಾನು ಸಾಲಿ ಬಿಟ್ಟ ಮೇಲೆ ಓಣಿಯ ಕೊನೆಗಿದ್ದ ಬೇಕರಿಗೆ ಹೋಗಿ ತಟ್ಟೆ ತೊಳೆಯುವುದು, ತತ್ತಿ ಒಡೆಯುವುದು, ಸಕ್ಕರೆ ಜರಡಿ ಹಿಡಿಯುವುದು ಮಾಡುತ್ತಿದ್ದೆ. ಬೇಕರಿಯ ಯಜಮಾನರನ್ನು ಓಣಿಯವರೆಲ್ಲ ಕಾಕಾ ಎನ್ನುತ್ತಿದ್ದರು. ಹರೆಯದಲ್ಲಿ ಪುಣೆ ಕ್ಯಾಂಪಿನ ಒಂದು ಬೇಕರಿಯಲ್ಲಿ ದುಡಿದು ಕೈ ಪಳಗಿಸಿಕೊಂಡು ಬಂದವರು.

ಬಾಸೆಲ್ ಮಿಶನ್ನಿನವರು 1841ರಲ್ಲೇ ಬೆಟಗೇರಿಗೆ ಬಂದು ನೆಲೆಸಿದ್ದರಿಂದ ನಮ್ಮಲ್ಲಿ ಕ್ರಿಸ್ಮಸ್ಸಿಗೆ ಕೇಕು, ಬಿಸ್ಕೀಟು ಕೇಳುವವರು ಬಹಳ. ಆ ತಿಂಗಳು ಮಾತ್ರ ಕಾಕಾ ಒಂದು ತಿನಿಸು ಮಾಡುತ್ತಿದ್ದರು. ಇಂಗ್ಲಿಷಿನವರು ಅದನ್ನು ಮೆರಿಂಗ್ ಎನ್ನುತ್ತಾರೆ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಬೇಕರಿಯಲ್ಲಿ ಅದು ಬರೀ ‘ಬಿಳಿ ಬಿಸ್ಕೀಟು’. ಹಿಟ್ಟಿಲ್ಲ, ಬೆಣ್ಣೆಯಿಲ್ಲ. ತತ್ತಿಯ ಬಿಳಿಯನ್ನು ನೊರೆ ಬರುವಂತೆ ಕಡೆದು, ಸಕ್ಕರೆ ಪುಡಿ ಸೇರಿಸಿ, ಹಾಳೆಯ ಮೇಲೆ ಸಣ್ಣ ಸಣ್ಣ ಗೋಪುರದಂತೆ ಹಿಂಡಿ ಒಣಗಿಸುವುದು, ಅಷ್ಟೆ. ಬೇಯಿಸುವುದಕ್ಕಿಂತ ಒಣಗಿಸುವುದೇ ಅದರಲ್ಲಿ ಹೆಚ್ಚು. ನೂರು ಡಿಗ್ರಿಯ ಆಸುಪಾಸು ಕಾವು ಸಾಕು, ಅದಕ್ಕಿಂತ ಹೆಚ್ಚಾದರೆ ಕಂದುತ್ತದೆ.

ಕಟ್ಟಿಗೆ ಭಟ್ಟಿಗೆ ಅಷ್ಟು ಕಡಿಮೆ ಕಾವು ಬರುವುದು ದಿನದ ಕೊನೆಗೆ. ಬ್ರೆಡ್ಡು ಇಳಿಸಿ, ಬನ್ನು ಇಳಿಸಿ, ಖಾರಿ ಇಳಿಸಿ, ಕೆಂಡವೆಲ್ಲ ಎಳೆದು, ಬಾಯಿ ತೆರೆದಿಟ್ಟು ಕಾಯಬೇಕು. ಕಾಕಾ ಒಳಗೆ ಒಂದು ತುಂಡು ಪೇಪರು ಒಗೆದು ನೋಡುತ್ತಿದ್ದರು. ಅದು ಕೆಂಪಾದರೆ ಇನ್ನೂ ಹೊತ್ತಿದೆ, ಬಣ್ಣ ಬದಲಾಗದೆ ಬಿದ್ದಿದ್ದರೆ ತಟ್ಟೆ ಒಳಗೆ. ಬಾಯಿ ಮುಚ್ಚಿ ಮಲಗಿದರೆ ಬೆಳಗಿನ ಹೊತ್ತಿಗೆ ಬಿಸ್ಕೀಟು ಚುರುಮುರಿಯಂತೆ ಹಗುರ.

ತೊಂದರೆ ಇದ್ದದ್ದು ಕರೆಂಟಿನಲ್ಲಿ. ಕಡೆಯುವ ಮಶೀನು ಕರೆಂಟಿನದು, ಕರೆಂಟು ಸಂಜೆ ಹೋಗಿಬಿಡುತ್ತಿತ್ತು. ಹೀಗಾಗಿ ನೊರೆ ಎದ್ದು ನಿಲ್ಲುವುದು ಒಂದು ಹೊತ್ತಿಗೆ, ಭಟ್ಟಿ ಆರುವುದು ಇನ್ನೊಂದು ಹೊತ್ತಿಗೆ. ನಡುವೆ ಅರ್ಧ ತಾಸೋ ಮುಕ್ಕಾಲು ತಾಸೋ ನೊರೆ ಕಾಯಬೇಕು. ಕಾಯುವುದು ನೊರೆಯ ಸ್ವಭಾವವೇ ಅಲ್ಲ.

ಆ ಸಂಜೆ ಕಾಕಾ ಕೇಕು ಮುಟ್ಟಿಸಲು ಹೊರಗೆ ಹೋಗಿದ್ದರು. ಹೋಗುವಾಗ ಹೇಳಿದ್ದರು: “ತಮ್ಮಾ, ಹೊಳಪು ನೋಡಕೋತ ಇರು. ಹೊಳಪು ಹೋಗೂಕಿಂತ ಮೊದಲ ಮಶೀನ ಬಂದ್ ಮಾಡು.” ನಾನು ಹೊಳಪನ್ನು ನೋಡಲಿಲ್ಲ, ನೊರೆ ಏರುವುದನ್ನು ನೋಡುತ್ತ ನಿಂತೆ. ಪಾತ್ರೆಯ ತಳದಲ್ಲಿ ನಾಲ್ಕು ಬೆರಳಿದ್ದದ್ದು ಕಂಠದವರೆಗೆ ಬಂದಿತ್ತು. ಇನ್ನೂ ಎರಡು ನಿಮಿಷ ಬಿಟ್ಟರೆ ಇನ್ನೂ ಗಟ್ಟಿಯಾದೀತೆಂದು ಬಿಟ್ಟೆ. ಮೊದಲು ಮೇಲ್ಮೈ ಮಂಕಾಯಿತು. ಆಮೇಲೆ ಅಲ್ಲಲ್ಲಿ ಒದ್ದೆ ಅರಳೆಯಂಥ ಗಡ್ಡೆಗಳು ಕಂಡವು. ಮಶೀನು ನಿಲ್ಲಿಸಿ ಪಾತ್ರೆ ಓರೆ ಮಾಡಿದೆ. ನೊರೆ ಗೋಡೆ ಬಿಟ್ಟು ಒಂದೇ ಮುದ್ದೆಯಾಗಿ ಜಾರಿತು, ಕೆಳಗಿನಿಂದ ಹಳದಿ ಛಾಯೆಯ ತಿಳಿನೀರು ಹೊರಟಿತು. ಒಡೆದ ಹಾಲು ನೋಡಿದವರಿಗೆ ಅದು ಏನೆಂದು ಹೇಳಬೇಕಾಗಿಲ್ಲ.

ಕಾಕಾ ಬಂದು ಬೆರಳಿನಿಂದ ಒಂದಿಷ್ಟು ತೆಗೆದು ಹೆಬ್ಬೆರಳಿನ ಜೊತೆ ತಿಕ್ಕಿ ನೋಡಿದರು. ರವೆ ಹತ್ತಿದಂತೆ ಹತ್ತಿತು. “ಒಡದೈತಿ,” ಎಂದರು. ಬೈಯಲಿಲ್ಲ. ಇನ್ನೊಂದು ತತ್ತಿಯ ಬಿಳಿ ಹಾಕಿ ಕೈಯಿಂದ ಮೆಲ್ಲಗೆ ತಿರುವಿದರು. ಒಂದಿಷ್ಟು ಹೊಂದಿಕೊಂಡಿತು, ಪೂರ್ತಿ ಹಿಂದಕ್ಕೆ ಬರಲಿಲ್ಲ. ಅದನ್ನು ಬನ್ನಿನ ಹಿಟ್ಟಿಗೆ ಕಲಸಿದರು. ಆ ರಾತ್ರಿ ಬಿಳಿ ಬಿಸ್ಕೀಟು ಆಗಲಿಲ್ಲ.

ಮರುದಿನ ಅವರು ನನ್ನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಎಲ್ಲವನ್ನೂ ಮೊದಲಿನಿಂದ ಮಾಡಿ ತೋರಿಸಿದರು. ಲಿಂಬಿಹಣ್ಣು ಹಿಂಡಿದ ಸಿಪ್ಪೆಯಿಂದ ಪಾತ್ರೆಯ ಒಳಮೈಯನ್ನೆಲ್ಲ ಒರೆಸಿದರು, ಎಣ್ಣೆಯ ಜಿಡ್ಡು ಇದ್ದರೆ ನೊರೆ ಏಳುವುದೇ ಇಲ್ಲ ಎಂದು. ಒಂದೊಂದೇ ತತ್ತಿಯನ್ನು ಬಟ್ಟಲಿಗೆ ಒಡೆದು ನೋಡಿ, ಬಿಳಿಯಲ್ಲಿ ಹಳದಿಯ ಎಳೆ ಇಲ್ಲವೆಂದು ಖಾತ್ರಿಯಾದ ಮೇಲೆ ದೊಡ್ಡ ಪಾತ್ರೆಗೆ ಸುರಿದರು. ಹನ್ನೆರಡು ಬಿಳಿ. ಮಶೀನು ನಿಧಾನಕ್ಕೆ ತಿರುಗಿ ಮೇಲೆ ದೊಡ್ಡ ದೊಡ್ಡ ಗುಳ್ಳೆ ಕಂಡಾಗ ಎರಡು ಲಿಂಬಿಹಣ್ಣಿನ ರಸ, ಬೀಜ ಸೋಸಿ, ಹಾಕಿದರು. ಒಂದು ಬಿಳಿಗೆ ಅರ್ಧ ಚಮಚದ ಲೆಕ್ಕ. ಆಮೇಲೆ ಮಶೀನು ಜೋರು.

ನೊರೆ ಏಳಲು ನಿನ್ನೆಗಿಂತ ಹೆಚ್ಚು ಹೊತ್ತು ಹಿಡಿಯಿತು. ಲಿಂಬಿ ಹಾಕಿದ್ದು ಕೆಲಸ ಕೆಡಿಸಿತೇನೋ ಎಂದುಕೊಂಡೆ. ಕಾಕಾ ಸುಮ್ಮನಿದ್ದರು. ಕಡೆಗೋಲು ಎತ್ತಿದಾಗ ನೊರೆಯ ತುದಿ ಗಿಳಿಯ ಕೊಕ್ಕಿನಂತೆ ಬಾಗಿದ್ದನ್ನು ನೋಡಿ ಸಕ್ಕರೆ ಪುಡಿಯನ್ನು ಒಂದೊಂದು ಮುಷ್ಟಿ ಉದುರಿಸತೊಡಗಿದರು. ಒಂದು ಬಿಳಿಗೆ ಐವತ್ತು ಗ್ರಾಂ ಸಕ್ಕರೆ. ಒಮ್ಮೆಲೇ ಸುರಿದರೆ ನೊರೆ ಕುಸಿಯುತ್ತದೆ. ಎಲ್ಲ ಸಕ್ಕರೆ ಹೋದ ಮೇಲೆ ಪಾತ್ರೆಯನ್ನು ಎತ್ತಿ ನನ್ನ ತಲೆಯ ಮೇಲೆ ಬೋರಲು ಹಾಕಿದರು! ಒಂದು ಹನಿ ಬೀಳಲಿಲ್ಲ. ಆಮೇಲೆ ಬೇಕೆಂದೇ ಇನ್ನೊಂದು ನಿಮಿಷ ಮಶೀನು ತಿರುಗಿಸಿದರು. ಹೊಳಪು ಹಾಗೆಯೇ ಇತ್ತು.

“ಲಿಂಬಿ ಹಾಕಿದ್ರ ನೊರಿ ಜಾಸ್ತಿ ಬರೂದಿಲ್ಲ ತಮ್ಮಾ. ತಪ್ಪಾಗಾಕ ವ್ಯಾಳ್ಯಾ ಜಾಸ್ತಿ ಸಿಗತೈತಿ,” ಎಂದರು. ಅಂದರೆ ನೊರೆ ಆದದ್ದಕ್ಕೂ ಒಡೆದದ್ದಕ್ಕೂ ನಡುವಿನ ಹೊತ್ತು ಅಗಲವಾಗುತ್ತದೆ. ಈ ಮಾತನ್ನು ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಮುಂದೆ ಯಾವ ಪುಸ್ತಕದಲ್ಲೂ ಕಾಣಲಿಲ್ಲ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ತತ್ತಿ ತಿನ್ನುವವರಲ್ಲ, ಆದರೆ ಕಸುಬಿನ ಮಾತಾದರೆ ಮಗ್ಗ ನಿಲ್ಲಿಸಿ ಕೇಳುತ್ತಿದ್ದರು. ಕೇಳಿ, “ಹಾಸಿಗೆ ಗಂಜಿ ಹಚ್ಚಿದಂಗ ಆತಲ್ಲ,” ಎಂದರು. ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ಎಳೆಗಳಿಗೆ ಗಂಜಿ ಹಚ್ಚಿ ಒಣಗಿಸುತ್ತಾರೆ. ಹಚ್ಚದಿದ್ದರೆ ಎಳೆಯ ಮೇಲಿನ ನವಿರು ಪಕ್ಕದ ಎಳೆಯ ನವಿರಿಗೆ ಹತ್ತಿಕೊಂಡು ಸಿಕ್ಕಾಗುತ್ತದೆ, ಹರಿಯುತ್ತದೆ. ಗಂಜಿಯಿಂದ ಬಟ್ಟೆ ಬೇಗ ಆಗುವುದಿಲ್ಲ, ಎಳೆ ಎಳೆಯನ್ನು ಹಿಡಿಯದಂತಾಗುತ್ತದೆ. ಅಪ್ಪ ಹೋಲಿಕೆಗೆಂದು ಹೇಳಿದ ಮಾತು, ಆದರೆ ಅದು ಎಷ್ಟು ನಿಜವೆಂದು ತಿಳಿಯಲು ನಾನು ಧಾರವಾಡಕ್ಕೆ ಹೋಗಿ ರಸಾಯನಶಾಸ್ತ್ರ ಓದಬೇಕಾಯಿತು.

ಅದಕ್ಕೂ ಮೊದಲು ತಾಮ್ರದ ಕಥೆ ಆಯಿತು. ಪುಣೆಯ ಆ ಬೇಕರಿಯಲ್ಲಿ ಗೋಡೆಗೆ ಒಂದು ತಾಮ್ರದ ಪಾತ್ರೆ ತೂಗುಬಿಟ್ಟಿರುತ್ತಿತ್ತಂತೆ. ಬಿಳಿ ಕಡೆಯುವುದಕ್ಕಲ್ಲದೆ ಬೇರೆ ಯಾವುದಕ್ಕೂ ಅದನ್ನು ಮುಟ್ಟುವಂತಿರಲಿಲ್ಲ. ಅದರಲ್ಲಿ ಕಡೆದರೆ ಲಿಂಬಿ ಬೇಡ ಎಂದು ಕಾಕಾ ಹೇಳಿದ್ದರು. ಗುಂಡು ತಳದ ತಾಮ್ರದ ಪಾತ್ರೆ ನನ್ನ ಚಿಗವ್ವನ ಮನೆಯಲ್ಲಿ ಇದ್ದದ್ದು ನೆನಪಾಯಿತು. ಸಂಕ್ರಾಂತಿ ಸೂಟಿಯಲ್ಲಿ ಶಿರಹಟ್ಟಿಗೆ ಹೋದೆ.

ಹೋದ ದಿನವೇ ಓಣಿಯಲ್ಲಿ ಕಲಾಯಿಯವನು ತಿದಿ ಹೂಡಿ ಕೂತಿದ್ದ. ಚಿಗವ್ವನ ಬೋಗೋಣಿಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಬಿಳಿ ಹೊಗೆ ಏಳುತ್ತಿದ್ದಾಗಲೇ ತವರದ ಕಡ್ಡಿ ತಾಗಿಸಿ ಅರಳೆಯಿಂದ ಒಂದು ಸುತ್ತು ಒರೆಸಿದ. ಒಳಗೆಲ್ಲ ಕನ್ನಡಿಯಂತೆ ಬೆಳ್ಳಗಾಯಿತು. ಇಂಥ ಪಾತ್ರೆಯಲ್ಲಿ ನೊರೆ ಎಷ್ಟು ಚೆಂದ ಬಂದೀತು ಎಂದು ಚಿಗವ್ವನನ್ನು ಕಾಡಿ ಬೇಡಿ, ಹಿತ್ತಿಲಲ್ಲಿ ಕೂತು ನಾಲ್ಕು ತತ್ತಿಯ ಬಿಳಿ ಕಡೆದೆ. ಲಿಂಬಿ ಹಾಕಲಿಲ್ಲ. ಸ್ಟೀಲಿನ ಪಾತ್ರೆಯಲ್ಲಿ ಆದಂತೆಯೇ ಆಯಿತು. ಸ್ವಲ್ಪ ಹೆಚ್ಚು ಕಡೆದದ್ದೇ ತಡ, ಒಡೆಯಿತು.

ಕಾಕಾನಿಗೆ ಬಂದು ಹೇಳಿದರೆ ಅವರು ಕೇಳಿದ್ದು ಒಂದೇ ಮಾತು: “ಕಲಾಯಿ ಇತ್ತೇನು?” ನಾನು ಕಡೆದದ್ದು ತಾಮ್ರದಲ್ಲಿ ಅಲ್ಲವೇ ಅಲ್ಲ, ತವರದಲ್ಲಿ. ಹುಳಿ, ಸಾರು ಕುದಿಸುವ ತಾಮ್ರದ ಪಾತ್ರೆಗೆ ನಮ್ಮಲ್ಲಿ ಕಲಾಯಿ ಹಾಕಿಸುವುದೇ ತಾಮ್ರ ಅಡಿಗೆಗೆ ತಾಗಬಾರದೆಂದು. ನನಗೆ ಬೇಕಾದದ್ದು ತಾಗುವುದು.

ಕಲಾಯಿ ಇಲ್ಲದ ತಾಮ್ರ ಮನೆಗಳಲ್ಲಿ ಇರುವುದು ನೀರಿಗೆ. ಕುಡಿಯುವ ನೀರಿನ ಕೊಡ, ಬಚ್ಚಲದ ಹಂಡೆ. ಅವೆರಡರ ಬಾಯಿಯೂ ಕಡೆಯುವುದಕ್ಕೆ ಒದಗದು. ಲಕ್ಷ್ಮೇಶ್ವರದಲ್ಲಿ ನಮ್ಮ ಆಯಿಯ, ಎಂದರೆ ಅವ್ವನ ಅವ್ವನ, ಬಚ್ಚಲದಲ್ಲಿ ಮಾತ್ರ ಒಂದು ಅಗಲ ಬಾಯಿಯ ಬೋಗೋಣಿ ಇತ್ತು. ಹಂಡೆಯ ಬಿಸಿನೀರಿಗೆ ತಣ್ಣೀರು ಬೆರೆಸಿಕೊಳ್ಳುವುದಕ್ಕೆ ಇಟ್ಟದ್ದು. ಎರಡು ಗೇಣಿಗಿಂತ ತುಸು ಕಡಿಮೆ ಅಗಲ, ತಳ ಗುಂಡಗೆ, ಒಳಗೆ ಹೊರಗೆ ಎಲ್ಲ ತಾಮ್ರವೇ. ಅಮಾವಾಸ್ಯೆ ಹುಣ್ಣಿಮೆಗೆ ಆಯಿ ಅದನ್ನು ಹುಣಸೆಹಣ್ಣು, ಉಪ್ಪು ಹಚ್ಚಿ ಬೆಳಗುತ್ತಿದ್ದಳು. ಸೋಮೇಶ್ವರ ಗುಡಿಗೆ ಹೋಗುವ ಹಾದಿಯ ಮನೆ. ಮಡಿ ಬಹಳ ಇದ್ದ ಮನೆ. ತತ್ತಿ ಎಂಬ ಶಬ್ದವನ್ನೂ ಅಲ್ಲಿ ಜೋರಾಗಿ ಆಡುತ್ತಿರಲಿಲ್ಲ.

ಕೇಳಲು ನನಗೆ ಎರಡು ದಿನ ಹಿಡಿಯಿತು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಇಂಥಾ ಕೆಲಸಕ್ಕೆ ಬೇಕು ಎಂದೆ. ಆಯಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಬಚ್ಚಲಕ್ಕೆ ಹೋಗಿ, ಒಂದು ಉಂಡೆ ಹುಣಸೆಹಣ್ಣು ತೆಗೆದುಕೊಂಡು ಬೋಗೋಣಿಯನ್ನು ಒಳಗೆ ಹೊರಗೆ ಬೆಳಗಿದಳು. ನೀರು ಹಾಕಿ ಮೂರು ಸಲ ತೊಳೆದಳು. ಹೊಸ ಪೈಸೆಯಂತೆ ಆಗಿತ್ತು. “ಒಯ್ಯಿ. ಇನ್ನ ಇದು ಈ ಮನಿಯೊಳಗ ಬರೂದು ಬ್ಯಾಡ. ನಿನ್ನ ಹಂತೇಕ ಇರಲಿ,” ಎಂದಳು.

ಬೆಟಗೇರಿಯಲ್ಲಿ ಅದರಲ್ಲಿ ಆರು ಬಿಳಿ ಕಡೆದೆವು. ಪಾತ್ರೆಯ ತಳ ಗುಂಡಗಿದ್ದುದರಿಂದ ಮಶೀನು ಕೂರಲಿಲ್ಲ, ತಂತಿಯ ಕಡೆಗೋಲು ಹಿಡಿದು ಕೈಯಿಂದಲೇ. ಕಾಕಾ ಸ್ವಲ್ಪ ಹೊತ್ತು, ನಾನು ಸ್ವಲ್ಪ ಹೊತ್ತು. ರಟ್ಟೆ ನೋವಾಗುವಷ್ಟು ಕಡೆದ ಮೇಲೆ ನೊರೆ ನಿಂತಿತು. ಅದರ ಬಣ್ಣ ಬೇರೆ. ಲಿಂಬಿ ಹಾಕಿದ ನೊರೆ ಸುಣ್ಣದಂತೆ ಬಿಳಿ, ಇದು ಬೆಣ್ಣೆ ತಾಗಿದಂತೆ ಬಹಳ ತಿಳಿಯಾದ ಹಳದಿ. ಮುಟ್ಟಿದರೆ ರೇಶ್ಮೆ. ಮತ್ತೆಷ್ಟು ಕಡೆದರೂ ರವೆಯಾಗಲಿಲ್ಲ. ಭಟ್ಟಿ ಆರುವವರೆಗೆ ಹಾಗೇ ಇಟ್ಟೆವು, ತಳದಲ್ಲಿ ನೀರು ಕಾಣಲಿಲ್ಲ. ಮುಂದೆ ಹಾಗೆ ಇಡುವುದನ್ನು ಬಿಟ್ಟೆವು. ಕಡೆದಾದ ಕೂಡಲೇ ಬೇರೆ ಪಾತ್ರೆಗೆ ತೆಗೆಯಬೇಕು, ತಾಮ್ರದಲ್ಲಿ ಯಾವ ತಿನಿಸನ್ನೂ ಕೂಡಿಸಬಾರದು ಎಂದು ಕಾಕಾನೇ ಹೇಳಿದರು.

ಅದು ಯಾಕೆಂದು ನಾನೇ ಒಮ್ಮೆ ಕಂಡುಕೊಂಡೆ. ತಾಮ್ರವೂ ಒಳ್ಳೆಯದು, ಲಿಂಬಿಯೂ ಒಳ್ಳೆಯದು, ಎರಡೂ ಕೂಡಿದರೆ ಇನ್ನೂ ಒಳ್ಳೆಯದಾದೀತು ಎಂದು ಒಂದು ದಿನ ಬೋಗೋಣಿಯಲ್ಲಿ ಕಡೆಯುವಾಗ ಲಿಂಬಿರಸ ಹಾಕಿ, ಗಿರಾಕಿ ಬಂದರೆಂದು ಅಲ್ಲೇ ಬಿಟ್ಟು ಹೋದೆ. ಮರಳಿ ಬಂದಾಗ ನೊರೆಯ ಅಂಚು ಪಾತ್ರೆಗೆ ತಾಗಿದಲ್ಲಿ ಹಸಿರು ಹತ್ತಿತ್ತು. ನಾಲಿಗೆಗೆ ಹಚ್ಚಿದರೆ ರೊಕ್ಕ ಬಾಯಲ್ಲಿ ಇಟ್ಟ ಹಾಗೆ ಕಿಲುಬು ರುಚಿ. ಹುಳಿ ತಾಮ್ರವನ್ನು ಕರಗಿಸುತ್ತದೆ. ಆಯಿ ಹುಣಸೆಹಣ್ಣಿನಿಂದ ಬೆಳಗುವಾಗ ಆಗುವುದೂ ಅದೇ, ಕಪ್ಪಾದ ಮೇಲ್ಪದರ ಹುಳಿಯಲ್ಲಿ ಕರಗಿ ಹೋಗುತ್ತದೆ, ಅದನ್ನು ನೀರಿನಿಂದ ತೊಳೆದು ಚೆಲ್ಲುತ್ತೇವೆ. ಇಲ್ಲಿ ಕರಗಿದ ತಾಮ್ರ ತಿನ್ನುವ ಪದಾರ್ಥದಲ್ಲೇ ಉಳಿಯಿತು. ಹೆಚ್ಚು ತಾಮ್ರ ಹೊಟ್ಟೆಗೆ ಹೋದರೆ ವಾಂತಿಯಾಗುತ್ತದೆ. ಅದನ್ನು ಗಟಾರಕ್ಕೆ ಚೆಲ್ಲಿದೆವು. ಲಿಂಬಿ ಹಾಕುವುದಾದರೆ ಸ್ಟೀಲು ಇಲ್ಲವೇ ಗಾಜು, ತಾಮ್ರವಾದರೆ ಹುಳಿಯ ಹನಿಯೂ ಬೇಡ. ಅಂದಿನಿಂದ ಇದು ನನ್ನ ಕೈಗೆ ರೂಢಿಯಾಯಿತು.

ಧಾರವಾಡದಲ್ಲಿ ಎಮ್ಮೆಸ್ಸಿ ಓದುವಾಗ ಈ ಎರಡೂ ಒಂದೇ ಕೆಲಸವನ್ನು ಎರಡು ಹಾದಿಯಿಂದ ಮಾಡುತ್ತವೆ ಎಂಬುದು ತಿಳಿಯಿತು. ತತ್ತಿಯ ಬಿಳಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ನೀರು, ಉಳಿದದ್ದು ಹೆಚ್ಚಾಗಿ ಪ್ರೋಟೀನು. ಪ್ರೋಟೀನೆಂದರೆ ಉದ್ದನೆಯ ಎಳೆ, ನೂಲಿನ ಉಂಡೆಯಂತೆ ಸುತ್ತಿಕೊಂಡಿರುತ್ತದೆ. ಕಡೆಯುವಾಗ ಉಂಡೆ ಬಿಚ್ಚುತ್ತದೆ. ಬಿಚ್ಚಿದ ಎಳೆಗಳು ಪ್ರತಿಯೊಂದು ಗಾಳಿಗುಳ್ಳೆಯ ಸುತ್ತ ನೆರೆದು, ಒಂದಕ್ಕೊಂದು ಸಡಿಲವಾಗಿ ಕೈಹಿಡಿದು ತೆಳ್ಳನೆಯ ಬಟ್ಟೆಯಾಗುತ್ತವೆ. ನೊರೆ ನಿಲ್ಲುವುದು ಆ ಬಟ್ಟೆಯಿಂದ. ಸಡಿಲ ಹಿಡಿತ ಬೇಕೇ ಬೇಕು. ಬಿಗಿ ಹಿಡಿತವಾದರೆ ಎಳೆಗಳು ಒತ್ತೊತ್ತಾಗಿ ಸೇರಿ, ನಡುವೆ ಇದ್ದ ನೀರನ್ನು ಹಿಂಡಿ ಹೊರಹಾಕುತ್ತವೆ. ನಾನು ಆ ಸಂಜೆ ಕಂಡ ರವೆ ಬಿಗಿಯಾದ ಎಳೆ, ತಳದ ನೀರು ಹಿಂಡಿದ ನೀರು.

ಬಿಗಿ ಹಿಡಿತದಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಗಂಧಕದ ಗಂಟು. ಪ್ರೋಟೀನಿನ ಎಳೆಯಲ್ಲಿ ಅಲ್ಲಲ್ಲಿ ಗಂಧಕದ ಪರಮಾಣು ಇರುತ್ತದೆ, ಅದರ ತುದಿಗೆ ಒಂದು ಹೈಡ್ರೋಜನ್. ಆ ಹೈಡ್ರೋಜನ್ ಕಳಚಿದರೆ ಗಂಧಕ ಪಕ್ಕದ ಎಳೆಯ ಗಂಧಕಕ್ಕೆ ಗಂಟು ಹಾಕಿಕೊಳ್ಳುತ್ತದೆ. ಲಿಂಬಿಯ ಹುಳಿ ಹೈಡ್ರೋಜನ್ ಕಳಚದಂತೆ ನೋಡಿಕೊಳ್ಳುತ್ತದೆ. ತಾಮ್ರ ಹೈಡ್ರೋಜನ್ನಿನ ಗೊಡವೆಗೆ ಹೋಗುವುದಿಲ್ಲ, ಪಾತ್ರೆಯಿಂದ ಕಡೆಗೋಲು ಕೆರೆದೆಬ್ಬಿಸಿದ ಕಣ್ಣಿಗೆ ಕಾಣದಷ್ಟು ತಾಮ್ರ ನೇರವಾಗಿ ಗಂಧಕದ ಮೇಲೆಯೇ ಹೋಗಿ ಕೂರುತ್ತದೆ. ಗಂಧಕಕ್ಕೆ ಗಂಟು ಹಾಕಲು ಕೈ ಖಾಲಿ ಇರುವುದಿಲ್ಲ. ಅಪ್ಪ ಹೇಳಿದ ಗಂಜಿ ಇದೇ.

ತಾಮ್ರದ ವಿಷಯ ವಿಜ್ಞಾನಿಗಳಿಗೂ ಒಮ್ಮೆಲೇ ಬಗೆಹರಿದದ್ದಲ್ಲ. ಫ್ರಾನ್ಸಿನಲ್ಲಿ 18ನೇ ಶತಮಾನದಿಂದಲೂ ಬಿಳಿಯನ್ನು ತಾಮ್ರದಲ್ಲಿ ಕಡೆಯುವ ರೂಢಿ. ಅಮೆರಿಕದ ಹೆರಾಲ್ಡ್ ಮೆಗೀ ಎಂಬ ಲೇಖಕರು ಇಬ್ಬರು ವಿಜ್ಞಾನಿಗಳ ಜೊತೆ ಸೇರಿ 1984ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದರ ಕಾರಣ ಹುಡುಕಿ ಬರೆದರು. ಬಿಳಿಯಲ್ಲಿ ಲೋಹವನ್ನು ಹಿಡಿಯುವ ಕೊನಾಲ್ಬುಮಿನ್ ಎಂಬ ಪ್ರೋಟೀನ್ ಇದೆ, ತಾಮ್ರ ಅದಕ್ಕೆ ಅಂಟಿ ಅದನ್ನು ಬಿಚ್ಚಲಾರದಷ್ಟು ಗಟ್ಟಿ ಮಾಡುತ್ತದೆ ಎಂಬುದು ಅವರ ಆಗಿನ ವಿವರಣೆ. ನಾನು ಕಂಡ ತಿಳಿ ಹಳದಿ ಬಣ್ಣ ಆ ಜೋಡಿಯದೇ. ಆಮೇಲೆ ಮೆಗೀ ಬೆಳ್ಳಿ ಲೇಪದ ಪಾತ್ರೆಯಲ್ಲಿ ಕಡೆದು ನೋಡಿದರು. ಆ ಪ್ರೋಟೀನು ಬೆಳ್ಳಿಯನ್ನು ಹಿಡಿಯುವುದಿಲ್ಲ, ಆದರೂ ನೊರೆ ಒಡೆಯಲಿಲ್ಲ. ಬೆಳ್ಳಿಗೂ ತಾಮ್ರಕ್ಕೂ ಸಮನಾಗಿ ಇರುವುದು ಗಂಧಕದ ಸೆಳೆತ. 2004ರಲ್ಲಿ ತಮ್ಮ ಪುಸ್ತಕವನ್ನು ಹೊಸದಾಗಿ ತಿದ್ದಿ ಬರೆದಾಗ ಅವರು ತಮ್ಮ ಹಳೆಯ ವಿವರಣೆಯನ್ನು ಬಿಟ್ಟು ಗಂಧಕದ ಕಾರಣವನ್ನೇ ಹೇಳಿದರು. ತತ್ತಿಗೆ ತಾಗಿದ ಬೆಳ್ಳಿ ಚಮಚ ಕಪ್ಪಾಗುವುದನ್ನು ಕಂಡವರಿಗೆ ಇದು ನಂಬಲು ಕಷ್ಟವಲ್ಲ. ಹುಳಿ ಸೇರಿಸದೆ ಕಡೆದ ನೊರೆಯಲ್ಲಿ ಸೇರುವ ತಾಮ್ರ ಬಹಳ ಕಡಿಮೆ, ಒಂದು ಬಟ್ಟಲು ನೊರೆಯಲ್ಲಿ ನಮ್ಮ ದಿನದ ಊಟದಿಂದ ಬರುವ ತಾಮ್ರದ ಹತ್ತನೆಯ ಒಂದು ಪಾಲಿನಷ್ಟು ಎಂದು ಅವರೇ ಲೆಕ್ಕ ಹೇಳಿದ್ದಾರೆ.

ಮೂರನೆಯದು ಕ್ರೀಮ್ ಆಫ್ ಟಾರ್ಟರ್. ಹೆಸರಲ್ಲಿ ಕ್ರೀಮ್ ಇದ್ದರೂ ಹಾಲಿಗೂ ಅದಕ್ಕೂ ಸಂಬಂಧವಿಲ್ಲ. ದ್ರಾಕ್ಷಿಯ ರಸ ಹುದುಗಿ ವೈನ್ ಆಗುವಾಗ ಪೀಪಾಯಿಯ ಒಳಗೋಡೆಗೆ ಹರಳು ಕಟ್ಟುತ್ತದೆ, ಅದನ್ನು ಕೆರೆದು ಶುದ್ಧ ಮಾಡಿದ ಬಿಳಿ ಪುಡಿ ಅದು. ಟಾರ್ಟಾರಿಕ್ ಆಮ್ಲದ ಪೊಟ್ಯಾಶಿಯಂ ಲವಣ. ಗದಗಿನ ಕಿರಾಣಿ ಅಂಗಡಿಯಲ್ಲಿ ನಾನು ಮೊದಲ ಸಲ ಅದನ್ನು ಕೇಳಿದಾಗ ಸೋಡಾ ಪುಡಿಯ ಪೊಟ್ಟಣ ಕೊಟ್ಟರು. ಕೇಕಿಗೆ ಹಾಕುವ ಬಿಳಿ ಪುಡಿ ಎಲ್ಲ ಒಂದೇ ಎಂದು ಅವರ ಎಣಿಕೆ. ಸೋಡಾ ಹುಳಿಗೆ ತೀರ ವಿರುದ್ಧ, ಅದನ್ನು ಹಾಕಿದರೆ ಹೈಡ್ರೋಜನ್ ಇನ್ನೂ ಬೇಗ ಕಳಚುತ್ತದೆ. ಕೊನೆಗೆ ಹುಬ್ಬಳ್ಳಿಯಿಂದ ತರಿಸಿದೆ. ಒಂದು ಬಿಳಿಗೆ ಚಹಾ ಚಮಚದ ಎಂಟನೆಯ ಒಂದು ಪಾಲು ಸಾಕು, ಎರಡು ಬೆರಳಲ್ಲಿ ಹಿಡಿದ ದೊಡ್ಡ ಚಿಟಿಕೆ. ಲಿಂಬಿಯಂತೆ ನೀರಿಲ್ಲ, ವಾಸನೆಯಿಲ್ಲ, ಪ್ರತಿ ಸಲ ಹುಳಿ ಒಂದೇ ಸಮ. ಲಿಂಬಿಹಣ್ಣು ಇಂಡಿಯದೋ ಹಿತ್ತಿಲದ್ದೋ ಎಂಬುದರ ಮೇಲೆ ರಸವೂ ಹುಳಿಯೂ ಬದಲಾಗುತ್ತದೆ. ಕೆಲಸ ಮಾತ್ರ ಎರಡರದೂ ಒಂದೇ, ಮನೆಯ ಅಡಿಗೆಗೆ ಲಿಂಬಿ ಸಾಲದೆ ಹೋದದ್ದು ನನಗೆ ನೆನಪಿಲ್ಲ.

ಟಾರ್ಟಾರಿಕ್ ಆಮ್ಲ ಇನ್ನೆಲ್ಲಿದೆ ಎಂದು ಪುಸ್ತಕದಲ್ಲಿ ಹುಡುಕುತ್ತಿದ್ದಾಗ ದ್ರಾಕ್ಷಿಯ ಪಕ್ಕದಲ್ಲೇ ಹುಣಸೆಹಣ್ಣಿನ ಹೆಸರಿತ್ತು. ಹುಣಸೆಯ ಹುಳಿಯೆಲ್ಲ ಹೆಚ್ಚಾಗಿ ಅದೇ ಆಮ್ಲದ್ದು. ಅದರಲ್ಲಿ ಒಂದು ಪಾಲು ಪೀಪಾಯಿಯಿಂದ ಕೆರೆಯುವ ಆ ಲವಣದ ರೂಪದಲ್ಲೇ ಇರುತ್ತದೆ. ಲೈಬ್ರರಿಯಲ್ಲಿ ಕೂತವನಿಗೆ ಲಕ್ಷ್ಮೇಶ್ವರದ ಬಚ್ಚಲು, ಮಂಡಿಯೂರಿ ಕೂತ ಆಯಿ, ಅವಳ ಮೊಣಕೈವರೆಗೆ ಹತ್ತಿದ ಕಂದು ರಸ ಕಣ್ಣಿಗೆ ಕಟ್ಟಿತು. ನೊರೆಯನ್ನು ನಿಲ್ಲಿಸುವ ಎರಡೂ ಪದಾರ್ಥ ಅವಳ ಕೈಯಲ್ಲಿದ್ದವು. ಹುಣಸೆರಸವನ್ನು ಬಿಳಿಗೇ ಹಾಕಿ ನೋಡಿದ್ದೇನೆ. ನೊರೆ ಒಡೆಯುವುದಿಲ್ಲ, ಆದರೆ ಬಣ್ಣ ಕಂದು, ಬಾಯಲ್ಲಿ ಸಾರಿನ ನೆನಪು. ಬಿಸ್ಕೀಟಿಗೆ ಅದು ಹೊಂದದು.

1998ರಲ್ಲಿ ಮುಂಡರಗಿಯಲ್ಲಿ ಮಾಸ್ತರಿಕೆ ಸಿಕ್ಕಿತು. ಗದಗ ಜಿಲ್ಲೆಯಾಗಿ ಆಗಷ್ಟೇ ಒಂದು ವರ್ಷ. ಏಪ್ರಿಲಿನಲ್ಲಿ ಅಲ್ಲಿಯ ಬಿಸಿಲು ಕಪ್ಪತಗುಡ್ಡದ ಕಲ್ಲು ಕಾಸಿ ಊರಿನ ಮೇಲೆ ಬೀಸುತ್ತದೆ. ಸಂತೆಯಲ್ಲಿ ಬುಟ್ಟಿಯಲ್ಲಿ ಇಟ್ಟು ಮಾರುವ ಜವಾರಿ ತತ್ತಿ ತಂದು ಮಕ್ಕಳಿಗಾಗಿ ಬಿಳಿ ಕಡೆಯಲು ಹೋದರೆ, ಬೆಟಗೇರಿಯ ಡಿಸೆಂಬರಿನಲ್ಲಿ ಕಾಣದ ತೊಂದರೆ ಕಂಡಿತು. ನೊರೆ ಬಹಳ ಬೇಗ, ಬಹಳ ದೊಡ್ಡದಾಗಿ ಏಳುತ್ತಿತ್ತು, ಅಷ್ಟೇ ಬೇಗ ಒಡೆಯುತ್ತಿತ್ತು.

ಕಾರಣ ತತ್ತಿಯ ವಯಸ್ಸು. ಇಟ್ಟ ತತ್ತಿಯ ಬಿಳಿಯಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಸಿಪ್ಪೆಯ ಸಣ್ಣ ರಂಧ್ರಗಳಿಂದ ದಿನದಿನಕ್ಕೆ ಹೊರಹೋಗುತ್ತದೆ. ಅದು ಹೋದಂತೆ ಬಿಳಿ ಕ್ಷಾರವಾಗುತ್ತದೆ. ಹೊಸ ತತ್ತಿಯ ಬಿಳಿಯ ಪಿಎಚ್ 7.6ರ ಸುತ್ತಮುತ್ತ, ಕೆಲವು ದಿನಗಳಲ್ಲಿ 9 ದಾಟುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಬಿಳಿ ತೆಳ್ಳಗೂ ಆಗುತ್ತದೆ, ಅದಕ್ಕೇ ನೊರೆ ಸುಲಭಕ್ಕೆ ಏಳುತ್ತದೆ, ನೀರು ಸುಲಭಕ್ಕೆ ಇಳಿಯುತ್ತದೆ. ಕ್ಷಾರದಲ್ಲಿ ಗಂಧಕದ ತುದಿಯ ಹೈಡ್ರೋಜನ್ ನಿಲ್ಲುವುದಿಲ್ಲ. ಲಿಂಬಿ ಬೇಕೇ ಬೇಕಾಗುವುದು ಹಳೆಯ ತತ್ತಿಗೆ. ನೀರಿಗೆ ಹಾಕಿದಾಗ ತಳದಲ್ಲಿ ಅಡ್ಡ ಮಲಗಿದರೆ ಹೊಸದು, ತುದಿಯ ಮೇಲೆ ನೆಟ್ಟಗೆ ನಿಂತರೆ ದಿನ ಕಳೆದದ್ದು, ತೇಲಿದರೆ ಅದನ್ನು ಬಿಟ್ಟುಬಿಡುವುದು.

ಒಂದು ಶನಿವಾರ ಒಂಬತ್ತನೆಯ ಇಯತ್ತೆಯ ಮಕ್ಕಳೆದುರು ಮೂರು ಪಾತ್ರೆ ಇಟ್ಟೆ. ಎಲ್ಲ ಬಿಳಿಯನ್ನೂ ಒಂದರಲ್ಲಿ ಬೆರೆಸಿ ಮೂರು ಸಮಪಾಲು ಮಾಡಿದೆ, ಒಂದು ತತ್ತಿ ಹೊಸದು ಒಂದು ಹಳೆಯದು ಎಂಬ ಭೇದ ಬರದಂತೆ. ಮೊದಲನೆಯದು ಸ್ಟೀಲು, ಏನೂ ಹಾಕಿಲ್ಲ. ಎರಡನೆಯದು ಸ್ಟೀಲು, ಲಿಂಬಿರಸ. ಮೂರನೆಯದು ಆಯಿಯ ಬೋಗೋಣಿ. ಕೊಕ್ಕು ನೆಟ್ಟಗೆ ನಿಲ್ಲುವವರೆಗೆ ಮೂರನ್ನೂ ಕಡೆದು, ಮೂರು ಗಾಜಿನ ಲಾಳಿಕೆಗಳಿಗೆ ಸಮಸಮ ನೊರೆ ತುಂಬಿ, ಕೆಳಗೆ ಅಳತೆಯ ಕೊಳವೆ ಇಟ್ಟು ಅರ್ಧ ತಾಸು ಬಿಟ್ಟೆವು. ನೊರೆಯ ಗಟ್ಟಿತನವನ್ನು ಅಳೆಯುವುದು ಇಳಿದ ನೀರಿನಿಂದ. ಮೂರರಲ್ಲೂ ನೀರು ಇಳಿಯಿತು, ಇಳಿಯದ ನೊರೆಯೇ ಇಲ್ಲ. ಆದರೆ ಮೊದಲನೆಯದರಲ್ಲಿ ಇಳಿದದ್ದರ ಅರ್ಧದಷ್ಟೂ ಉಳಿದ ಎರಡರಲ್ಲಿ ಇರಲಿಲ್ಲ. ಉಳಿದ ನೊರೆಯನ್ನು ಮತ್ತೆ ಎರಡು ನಿಮಿಷ ಕಡೆಸಿದೆ. ಮೊದಲನೆಯದು ರವೆಯಾಯಿತು. ಒಬ್ಬ ಹುಡುಗಿ ಅದನ್ನು ಬೆರಳಲ್ಲಿ ತಿಕ್ಕಿ ನೋಡಿ, “ಸರ್, ಹಾಲ ಒಡದಂಗ ಆಗೇತ್ರಿ,” ಎಂದಳು.

ಇನ್ನೊಬ್ಬ ಹುಡುಗ ಹಳದಿಯ ಒಂದು ಹನಿ ಬೀಳಿಸಿದ್ದ ನಾಲ್ಕನೆಯ ಪಾತ್ರೆಯನ್ನು ಮೂಲೆಯಲ್ಲಿ ಕೂತು ಕಡೆಯುತ್ತಲೇ ಇದ್ದ. ಅದು ಏಳಲಿಲ್ಲ. “ಲಿಂಬಿ ಹಾಕ್ಲ್ಯಾ ಸರ್?” ಎಂದು ಕೇಳಿದ. ಹಾಕಲು ಹೇಳಿದೆ. ಹಾಕಿದರೂ ಏಳಲಿಲ್ಲ. ಹಳದಿಯ ಜಿಡ್ಡು ಗುಳ್ಳೆಯ ಸುತ್ತ ಪ್ರೋಟೀನು ನಿಲ್ಲಬೇಕಾದ ಜಾಗವನ್ನೇ ಹಿಡಿದುಬಿಡುತ್ತದೆ. ಲಿಂಬಿಯ ಕೆಲಸ ಶುರುವಾಗುವುದು ಬಟ್ಟೆ ನೆಯ್ಯಲು ಶುರುವಾದ ಮೇಲೆ.

ಕಾಕಾ ಹೋಗಿ ಬಹಳ ವರ್ಷವಾಯಿತು, ಬೇಕರಿ ಇದ್ದಲ್ಲಿ ಈಗ ಮೊಬೈಲ್ ಅಂಗಡಿ. ಆಯಿಯ ಕೊನೆಯ ದಿನಗಳಲ್ಲಿ ಒಮ್ಮೆ ಲಕ್ಷ್ಮೇಶ್ವರಕ್ಕೆ ಹೋದಾಗ ಅವಳು, “ಆ ಬೋಗೋಣಿ ಐತೇನು? ಕಿಲುಬು ಹಿಡಿಸಿದಿ ಏನ ಮತ್ತ?” ಎಂದು ಕೇಳಿದಳು. ಇಲ್ಲ, ಪ್ರತಿ ಸಲ ಹುಣಸೆಹಣ್ಣು ಹಚ್ಚಿ ಬೆಳಗುತ್ತೇನೆ ಎಂದೆ. “ಉಪ್ಪು?” ಎಂದಳು. ಉಪ್ಪನ್ನೂ ಹಾಕುತ್ತೇನೆ ಎಂದೆ. “ಎಷ್ಟು ಸಲ ತೊಳೀತಿ?” ಮೂರು ಸಲ ಎಂದೆ. ಸರಿ ಎಂಬಂತೆ ತಲೆ ಅಲ್ಲಾಡಿಸಿ ಗೋಡೆಯ ಕಡೆ ಮಗ್ಗಲು ಬದಲಿಸಿದಳು.